‘ಇಲ್ಲಿ ಕ್ಲಿಕ್ ಮಾಡಿ’ ಬದಲು ಏನು ಬರೆಯೋಣ?

ರಾಜ್ಯೋತ್ಸವದ ಹೊತ್ತಿಗೆ ಹೊಸೂರು, ಕೃಷ್ಣಗಿರಿ ಸದಸ್ಯರಿಗೆ ನಾವು ಕಳಿಸುವ ಪ್ರಕಟಣೆಯಲ್ಲಿ ಮೂರು ಲಿಂಕ್ ಇರುತ್ತವೆ ಎನ್ನೋಣ: ಮಕ್ಕಳ ಗಾಯನ ಸ್ಪರ್ಧೆ, ಊಟದ ಲೆಕ್ಕ, ಸಭಾಂಗಣದ ದಾರಿ. ಮೂರರ ಮೇಲೂ ‘ಇಲ್ಲಿ ಕ್ಲಿಕ್ ಮಾಡಿ’ ಎಂದಿದ್ದರೆ ಯಾವುದು ಯಾವುದಕ್ಕೆಂದು ತಿಳಿಯುವುದಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಲಿಂಕ್‌ಗಳನ್ನಷ್ಟೇ ಓದಿದಾಗ ಅದೇ ಮಾತು ಮೂರು ಸಲ ಕೇಳಿಸುತ್ತದೆ. ‘ಮಗುವಿನ ಹೆಸರು ಕೊಡಿ’, ‘ಊಟಕ್ಕೆ ಎಷ್ಟು ಜನ? ತಿಳಿಸಿ’, ‘ಸಭಾಂಗಣದ ದಾರಿ ನೋಡಿ’ ಎಂದರೆ ಆ ಗೊಂದಲವಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉದ್ದದ ಬರಹ ಮೊಬೈಲಿನಲ್ಲಿ ತುಂಡಾದರೆ ಮಾಡಬೇಕಾದ ಕೆಲಸವೇ ಮರೆಯಾಗುತ್ತದೆ. ಮೂರು ನಾಲ್ಕು ಪದ ಸಾಕು. ಬರೀ ಹೆಸರು ಬರೆದುಕೊಳ್ಳುವುದಾದರೆ ‘ಸೀಟು ಕಾಯ್ದಿರಿಸಿ’ ಎನ್ನಬಾರದು. ಕೃಷ್ಣಗಿರಿಯಿಂದ ಬಸ್ಸು ಹತ್ತಿ ಬಂದವರಿಗೆ ಕುರ್ಚಿ ಸಿಗದಿದ್ದರೆ ಉತ್ತರ ಕೊಡಬೇಕಾದವರು ನಾವೇ ತಾನೆ!

ಗೂಗಲ್ ಫಾರ್ಮ್ಸ್‌ನ Submit ಬಟನ್ ಮೇಲಿನ ಬರಹವನ್ನು ನಾವು ಬದಲಿಸಲು ಬರುವುದಿಲ್ಲ. ಅದಕ್ಕೆ ಕೊನೆಯ ಪ್ರಶ್ನೆಯ ವಿವರಣೆಯಲ್ಲಿ ‘ಕೆಳಗಿನ ಬಟನ್ ಒತ್ತಿದರೆ ಮಗುವಿನ ಹೆಸರು ಸ್ಪರ್ಧೆಗೆ ಸೇರುತ್ತದೆ’ ಎಂದು ಬರೆಯಬಹುದು. ಒತ್ತಿದ ಮೇಲೆ ಕಾಣುವ Confirmation message ಮಾತ್ರ ನಮ್ಮ ಕೈಯಲ್ಲಿದೆ; Settings ಒಳಗೆ ಅದನ್ನು ‘ಹೆಸರು ನಮಗೆ ತಲುಪಿದೆ’ ಎಂದು ತಿದ್ದಿಡಿ.