ಕೊಟ್ಟಾದ ಹಣ, ಕೊಡಬೇಕಾದ ಹಣ: ನಾವೇ ಮಾಡುವುದೋ, ಹೊರಗೆ ಮಾಡಿಸುವುದೋ

ಕಾಮಾಕ್ಷಿಪಾಳ್ಯದಲ್ಲೋ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೋ ಶೆಡ್ ನಡೆಸುವವರನ್ನು ಕೇಳಿ ನೋಡಿ, ತಮ್ಮ ಸಿಎನ್‌ಸಿ ಲೇತಿನ ಗಂಟೆ ದರ ಎಷ್ಟೆಂದು ತಟ್ಟನೆ ಹೇಳುತ್ತಾರೆ. ಯಂತ್ರದ ಸವಕಳಿ, ಶೆಡ್ಡಿನ ಬಾಡಿಗೆ, ಆಪರೇಟರ್ ಸಂಬಳ, ಕರೆಂಟು, ಆಫೀಸು ಖರ್ಚು ಎಲ್ಲವನ್ನೂ ಕೂಡಿಸಿ, ತಿಂಗಳಲ್ಲಿ ಯಂತ್ರ ಓಡುವ ಗಂಟೆಗಳಿಂದ ಭಾಗಿಸಿದರೆ ಬರುವ ಅಂಕಿ ಅದು. ಗಿರಾಕಿಗೆ ಕೊಟೇಶನ್ ಕೊಡಲು ಅದು ಸರಿಯಾದ ಅಂಕಿಯೇ. ಆದರೆ ಒಂದು ಬಿಡಿಭಾಗವನ್ನು ನಾವೇ ಮಾಡೋಣವೋ, ಪಕ್ಕದ ಬೀದಿಯವರಿಗೆ ಕೊಟ್ಟು ಮಾಡಿಸೋಣವೋ ಎಂಬ ಪ್ರಶ್ನೆ ಬಂದಾಗಲೂ ಇದೇ ಅಂಕಿಯನ್ನು ಮುಂದಿಟ್ಟುಕೊಂಡರೆ ಲೆಕ್ಕ ಕೆಡುತ್ತದೆ. ಅದು ಯಾಕೆ ಕೆಡುತ್ತದೆ ಎಂಬುದನ್ನು ಬಿಡಿಸಿ ಹೇಳಲು ಅರ್ಥಶಾಸ್ತ್ರಕ್ಕೂ ಲೆಕ್ಕಶಾಸ್ತ್ರಕ್ಕೂ ಬಹಳ ಕಾಲವೇ ಹಿಡಿಯಿತು.

ಆಗಿಹೋದ ಖರ್ಚು ಮುಂದಿನ ಬೆಲೆಯನ್ನು ನಿರ್ಧರಿಸುವುದಿಲ್ಲ ಎಂದು ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1871ರಲ್ಲೇ ಬರೆದಿದ್ದ. ಅದು ತತ್ತ್ವವಾಗಿಯೇ ಉಳಿಯಿತು. ಅದನ್ನು ಕಾರ್ಖಾನೆಯ ಲೆಕ್ಕಪುಸ್ತಕದ ಹತ್ತಿರ ತಂದವನು ಅಮೆರಿಕದ ಜೆ. ಮಾರಿಸ್ ಕ್ಲಾರ್ಕ್. ಆತ 1923ರಲ್ಲಿ ಓವರ್‌ಹೆಡ್ ವೆಚ್ಚಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ರೈಲ್ವೆ, ವಿದ್ಯುತ್ ಕಂಪನಿ, ದೊಡ್ಡ ಯಂತ್ರಗಳ ಕಾರ್ಖಾನೆಗಳಲ್ಲಿ ಹೆಚ್ಚಿನ ಹಣ ಮೊದಲೇ ಖರ್ಚಾಗಿರುತ್ತದೆ, ಕೆಲಸ ಬಂದರೂ ಬಾರದಿದ್ದರೂ ಅದು ಬದಲಾಗದು ಎಂಬುದು ಅವನನ್ನು ಕಾಡಿದ ಸಂಗತಿ. ಒಂದು ವಸ್ತುವಿನ ವೆಚ್ಚ ಇಷ್ಟೇ ಎಂದು ಒಂದೇ ಉತ್ತರ ಇರುವುದಿಲ್ಲ, ಯಾವ ಪ್ರಶ್ನೆಗಾಗಿ ಕೇಳುತ್ತಿದ್ದೀರಿ ಎಂಬುದರ ಮೇಲೆ ವೆಚ್ಚ ಬೇರೆ ಬೇರೆ ಎಂದು ಅವನು ತೋರಿಸಿದ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಆಮೇಲೆ ಬಂದದ್ದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಮುಂದಿನ ಹೆಜ್ಜೆ ಇಟ್ಟವನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ರೊನಾಲ್ಡ್ ಕೋಸ್. 1938ರಲ್ಲಿ ‘ದಿ ಅಕೌಂಟೆಂಟ್’ ಪತ್ರಿಕೆಯಲ್ಲಿ ಅವನು ಲೆಕ್ಕಿಗರಿಗಾಗಿಯೇ ಒಂದು ಲೇಖನಮಾಲೆ ಬರೆದ. ಒಂದು ಕೆಲಸವನ್ನು ಕೈಬಿಟ್ಟರೆ ಯಾವ ಖರ್ಚು ತಪ್ಪುತ್ತದೆಯೋ ಅಷ್ಟೇ ಆ ಕೆಲಸದ ವೆಚ್ಚ. ಆ ಕೆಲಸಕ್ಕಾಗಿ ಬಿಟ್ಟುಕೊಟ್ಟ ಬೇರೆ ಸಂಪಾದನೆಯನ್ನೂ ಅದಕ್ಕೆ ಸೇರಿಸಬೇಕು ಎಂಬುದು ಅದರ ತಿರುಳು. ಇದನ್ನೇ ಇಂದು ನಾವು ಪ್ರಸ್ತುತ ವೆಚ್ಚ ಎನ್ನುತ್ತೇವೆ. ಉಳಿದದ್ದು ಮುಳುಗಿದ ವೆಚ್ಚವಾಗಿರಬಹುದು, ಇಲ್ಲವೇ ಎರಡೂ ದಾರಿಯಲ್ಲಿ ಸಮನಾಗಿ ಬರುವ ಖರ್ಚಾಗಿರಬಹುದು.

ಇದನ್ನು ಒಂದು ಊಹೆಯ ಶೆಡ್ಡಿಗೆ ಇಳಿಸಿ ನೋಡೋಣ. ತಿಂಗಳಿಗೆ 5000 ಉಕ್ಕಿನ ಬುಶ್ ಬೇಕು. ನಾಲ್ಕು ವರ್ಷದ ಹಿಂದೆ 16 ಲಕ್ಷ ಕೊಟ್ಟು ತಂದ ಸಿಎನ್‌ಸಿ ಲೇತ್ ಇದೆ, ಬ್ಯಾಂಕಿನ ಕಂತು ಇನ್ನೂ ಮುಗಿದಿಲ್ಲ. ಲೆಕ್ಕ ಬರೆಯುವವರು ಕೊಟ್ಟ ಹಾಳೆಯಲ್ಲಿ ಒಂದು ಬುಶ್ಶಿಗೆ ಉಕ್ಕಿನ ಸರಳಿಗೆ 38 ರೂಪಾಯಿ, ಆಪರೇಟರಿಗೆ 5, ಮೀಟರಿನಲ್ಲಿ ಓಡುವ ಕರೆಂಟಿಗೆ 2.50, ಇನ್ಸರ್ಟು ಕೂಲೆಂಟಿಗೆ 3.50, ಸವಕಳಿಗೆ 4, ಬಾಡಿಗೆಯ ಪಾಲು 3, ಆಫೀಸಿನ ಪಾಲು 2. ಒಟ್ಟು 58. ಹೊರಗಿನವರು ಮಾಲೂ ಅವರದೇ ಹಾಕಿ, ಬಾಗಿಲಿಗೆ ತಂದುಕೊಟ್ಟು 52ಕ್ಕೆ ಮಾಡುತ್ತೇವೆ ಎನ್ನುತ್ತಾರೆ. ಒಂದಕ್ಕೆ 6 ರೂಪಾಯಿಯಂತೆ ತಿಂಗಳಿಗೆ 30,000 ಉಳಿತಾಯ ಎಂದು ಹಾಳೆ ಹೇಳುತ್ತದೆ.

ಈಗ ಕೋಸ್ ಹೇಳಿದಂತೆ ಒಂದೊಂದೇ ಸಾಲಿಗೆ ‘ಬುಶ್ ಹೊರಗೆ ಹೋದರೆ ಇದು ನಿಲ್ಲುತ್ತದೆಯೇ?’ ಎಂದು ಕೇಳಬೇಕು. ಸರಳು, ಕರೆಂಟು, ಇನ್ಸರ್ಟು ನಿಲ್ಲುತ್ತವೆ, 44 ರೂಪಾಯಿ. ಆದರೆ ನಾವೇ ಮಾಡಿದರೆ ಬುಶ್ಶಿಗೆ 2 ರೂಪಾಯಿಯ ಚೂರು ಗುಜರಿಗೆ ಹೋಗಿ ಹಣ ಬರುತ್ತಿತ್ತು. ಹೊರಗೆ ಕೊಟ್ಟರೆ ಆ ಹಣ ಅವರ ಪಾಲು, ಆದ್ದರಿಂದ ಉಳಿಯುವುದು 42. ಬಾಡಿಗೆ ನಿಲ್ಲುವುದಿಲ್ಲ, ಆಫೀಸೂ ನಿಲ್ಲುವುದಿಲ್ಲ. ಬೆಸ್ಕಾಂ ಬಿಲ್ಲಿನ ನಿಗದಿತ ಶುಲ್ಕ ಕೂಡ ಯಂತ್ರ ನಿಂತ ಮಾತ್ರಕ್ಕೆ ಇಳಿಯದು. ಮಂಜೂರಾದ ಲೋಡನ್ನೇ ಇಳಿಸಿಕೊಂಡರೆ ಮಾತ್ರ ಇಳಿಯುತ್ತದೆ. ಆಪರೇಟರ್ ಒಬ್ಬರ ಸಾಲು ಮಾತ್ರ ಕಾಗದ ನೋಡಿ ಹೇಳಲು ಆಗದು. ಅವರು ಬಿಟ್ಟುಹೋದರೆ 5 ರೂಪಾಯಿ ಉಳಿಯುತ್ತದೆ. ಅವರನ್ನು ಬೇರೆ ಯಂತ್ರಕ್ಕೆ ಹಾಕಿ ಇಟ್ಟುಕೊಂಡರೆ ಉಳಿಯುವುದಿಲ್ಲ. ಹೆಚ್ಚಿನ ಸಣ್ಣ ಶೆಡ್ಡುಗಳಲ್ಲಿ ಆಗುವುದು ಎರಡನೆಯದೇ, ಪಳಗಿದ ಕೈಯನ್ನು ಯಾರೂ ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ತಪ್ಪುವ ಖರ್ಚು 42, ಹೆಚ್ಚೆಂದರೆ 47. ಅದನ್ನು ತಪ್ಪಿಸಲು 52 ಕೊಡುವುದೆಂದರೆ ತಿಂಗಳಿಗೆ 25,000ದಿಂದ 50,000 ನಷ್ಟ.

ಹಾಗಾದರೆ ಯಂತ್ರಕ್ಕೆ ವೆಚ್ಚವೇ ಇಲ್ಲವೇ? ಇದೆ, ಆದರೆ ಅದು 16 ಲಕ್ಷದಿಂದ ಬರುವುದಲ್ಲ. ಇಂದು ಮಾರಿದರೆ 7 ಲಕ್ಷ ಬರುತ್ತದೆ, ಇನ್ನೊಂದು ವರ್ಷ ಓಡಿಸಿ ಮಾರಿದರೆ 6 ಲಕ್ಷ ಎಂದಿಟ್ಟುಕೊಳ್ಳಿ. ಇಟ್ಟುಕೊಂಡದ್ದಕ್ಕೆ ಒಂದು ಲಕ್ಷ ಇಳಿಯಿತು. ಆ 7 ಲಕ್ಷ ಸಾಲಕ್ಕೆ ಹೋಗಿದ್ದರೆ ಶೇ 12ರಂತೆ 84,000 ಬಡ್ಡಿ ಉಳಿಯುತ್ತಿತ್ತು. ವರ್ಷದ 60,000 ಬುಶ್ಶಿಗೆ ಹಂಚಿದರೆ ಒಂದಕ್ಕೆ ಸುಮಾರು 3 ರೂಪಾಯಿ. ಯಂತ್ರ ಮಾರಿ, ಆಪರೇಟರನ್ನೂ ಕಳಿಸುವುದಿದ್ದರೆ ಹೋಲಿಸಬೇಕಾದ್ದು 50 ಮತ್ತು 52. ಆಗಲೂ ನಾವೇ ಮಾಡುವುದು ಮೇಲು, ಆದರೆ ಅಂತರ ತೆಳುವಾಯಿತು. ಕಂತು ಎಷ್ಟು ಬಾಕಿ ಇದೆ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಯಂತ್ರ ಓಡಲಿ, ನಿಲ್ಲಲಿ, ಮಾರಿಹೋಗಲಿ, ಬ್ಯಾಂಕಿಗೆ ಕೊಡಬೇಕಾದ ಸಾಲ ಕೊಡಲೇಬೇಕು.

ಇಲ್ಲಿಯವರೆಗೆ ಯಂತ್ರಕ್ಕೆ ಬೇರೆ ಕೆಲಸವಿಲ್ಲ ಎಂದುಕೊಂಡೆವು. ಬುಶ್ಶಿಗೆ ಎರಡು ನಿಮಿಷವಾದರೆ 5000ಕ್ಕೆ ತಿಂಗಳಲ್ಲಿ 167 ಗಂಟೆ. ಒಂದು ಪಾಳಿ ಬಹುಪಾಲು ತುಂಬಿತು. ಈಗ ಇನ್ನೊಬ್ಬ ಗಿರಾಕಿ ಬಂದು, ಕರೆಂಟು ಇನ್ಸರ್ಟು ಕಳೆದು ಗಂಟೆಗೆ 400 ರೂಪಾಯಿ ಕೈಗೆ ಸಿಗುವ ಜಾಬ್ ವರ್ಕ್ ತಂದರೆ ಲೆಕ್ಕ ತಲೆಕೆಳಗಾಗುತ್ತದೆ. ಬುಶ್ ಹೊರಗೆ ಕೊಟ್ಟರೆ 10 ರೂಪಾಯಿಯಂತೆ 50,000 ಹೆಚ್ಚು ಖರ್ಚು, ಆದರೆ ಬಿಡುವಾದ ಗಂಟೆಗಳಿಂದ 66,800 ಬರುತ್ತದೆ. ಅದೇ ಯಂತ್ರ, ಅದೇ 52 ರೂಪಾಯಿ, ಉತ್ತರ ಮಾತ್ರ ಬೇರೆ. ತಿರುಗುವ ಬಿಂದು ಗಂಟೆಗೆ ಸುಮಾರು 300 ರೂಪಾಯಿ. ಅದಕ್ಕಿಂತ ಹೆಚ್ಚು ತರುವ ಕೆಲಸ ಬಾಗಿಲಲ್ಲಿ ಕಾಯುತ್ತಿದ್ದರೆ ಮಾತ್ರ ಬುಶ್ ಹೊರಗೆ ಹೋಗಬಹುದು. ಅದಕ್ಕೂ ಮೊದಲು ಎರಡನೇ ಪಾಳಿ ಸಾಧ್ಯವೇ ಎಂದು ಕೇಳಬೇಕು, ಯಾಕೆಂದರೆ ಇನ್ನೊಬ್ಬ ಆಪರೇಟರಿಗೆ 25,000 ಕೊಟ್ಟು ರಾತ್ರಿ ಬುಶ್ ಮಾಡಿದರೆ 47ಕ್ಕೇ ಮುಗಿಯುತ್ತದೆ. ಮನೆಗಳ ನಡುವೆಯೇ ಶೆಡ್ಡುಗಳಿರುವ ಮಾಗಡಿ ರಸ್ತೆಯ ಕಡೆ ರಾತ್ರಿ ಹತ್ತರ ಮೇಲೆ ಪ್ರೆಸ್ಸೋ ಲೇತೋ ಓಡಿಸಿದರೆ ಅಕ್ಕಪಕ್ಕದವರು ಬಾಗಿಲು ತಟ್ಟುತ್ತಾರೆ ಎಂಬುದೂ ಒಂದು ಮಿತಿಯೇ.

ಮುಳುಗಿದ ವೆಚ್ಚವನ್ನು ಮನಶ್ಶಾಸ್ತ್ರಜ್ಞರು ಕೈಗೆತ್ತಿಕೊಂಡದ್ದು ತಡವಾಗಿ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಡೀ ಋತುವಿನ ಟಿಕೆಟ್ಟನ್ನು ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಕೊಟ್ಟಿದ್ದರು. ಪೂರ್ತಿ ಕೊಟ್ಟವರು ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕ ನೋಡಿದರು. ಉತ್ತರಾರ್ಧದಲ್ಲಿ ಆ ವ್ಯತ್ಯಾಸ ಮಾಸಿತು. ಕೊಟ್ಟ ಹಣದ ನೆನಪು ಹಸಿಯಾಗಿರುವಷ್ಟು ದಿನ ಅದು ನಮ್ಮನ್ನು ಎಳೆಯುತ್ತದೆ. ಕಂತಿನ ಯಂತ್ರಕ್ಕೆ ಆ ನೆನಪು ಪ್ರತಿ ತಿಂಗಳೂ ಹೊಸದಾಗುತ್ತದೆ ಎಂದು ನಾನು ಇದಕ್ಕೆ ಸೇರಿಸುತ್ತೇನೆ. ‘ಕಂತು ಕಟ್ತಾ ಇದ್ದೀನಲ್ಲ, ಯಂತ್ರ ಸುಮ್ಮನೆ ನಿಲ್ಲಬಾರದು’ ಎಂದು, ಹೊರಗೆ 40ಕ್ಕೆ ಸಿಗುವುದನ್ನೂ ಒಳಗೇ ಮಾಡುವವರಿದ್ದಾರೆ.

ಪುಸ್ತಕಗಳು ಹೇಳುವುದು ಸಾಮಾನ್ಯವಾಗಿ ಈ ಒಂದು ತಪ್ಪನ್ನು. ಸಣ್ಣ ಕಾರ್ಖಾನೆಯಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ. ಅದೇ 16 ಲಕ್ಷ ಮಾಲೀಕರ ಮನಸ್ಸಿನಲ್ಲಿ ಕೂತು ‘ನಾವೇ ಮಾಡೋಣ’ ಎನ್ನುತ್ತದೆ, ಹಾಳೆಯ ಸವಕಳಿ ಸಾಲಿನಲ್ಲಿ ಕೂತು ‘ಹೊರಗೆ ಕೊಡೋಣ’ ಎನ್ನುತ್ತದೆ. ಹಾಳೆಯ ಮಾತು ಕೇಳಿ ಬುಶ್ ಹೊರಗೆ ಹೋಯಿತೆನ್ನಿ. ಅದು ಹೊತ್ತಿದ್ದ 9 ರೂಪಾಯಿಯ ಸವಕಳಿ, ಬಾಡಿಗೆ, ಆಫೀಸು ಖರ್ಚು ಉಳಿದ ಬಿಡಿಭಾಗಗಳ ಮೇಲೆ ಬೀಳುತ್ತದೆ. ಮುಂದಿನ ವರ್ಷ ಪಿನ್ನಿನಂಥ ಇನ್ನೊಂದು ಬಿಡಿಭಾಗ ದುಬಾರಿಯಾಗಿ ಕಾಣುತ್ತದೆ, ಅದೂ ಹೊರಗೆ ಹೋಗುತ್ತದೆ. ಹೊರಗೆ ಕೊಟ್ಟ ಪಟ್ಟಿ ಉದ್ದವಾಗುತ್ತಿದ್ದರೂ ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ಉಳಿಯುವ ಹಣ ಹೆಚ್ಚದಿದ್ದರೆ ಇದೇ ರೋಗ ಎಂದು ತಿಳಿಯಬೇಕು. 1987ರಲ್ಲಿ ಥಾಮಸ್ ಜಾನ್ಸನ್ ಮತ್ತು ರಾಬರ್ಟ್ ಕ್ಯಾಪ್ಲನ್ ತಮ್ಮ ‘ರೆಲವೆನ್ಸ್ ಲಾಸ್ಟ್’ ಪುಸ್ತಕದಲ್ಲಿ ದೂರಿದ್ದು ಇಂಥದ್ದನ್ನೇ: ಹೊರಗಿನವರಿಗೆ ತೋರಿಸಲು ತಯಾರಾದ ಲೆಕ್ಕಗಳು ಒಳಗಿನ ನಿರ್ಧಾರಗಳಿಗೆ ಒದಗದೆ ಹೋದವು.

ಹೊರಗೆ ಕೊಟ್ಟ ಮೇಲೆ ಏನಾಗುತ್ತದೆ ಎಂಬ ಭಾಗವನ್ನು ವೆಚ್ಚದ ಲೆಕ್ಕ ಬಹುಕಾಲ ಮುಟ್ಟಲಿಲ್ಲ. ಕೋಸ್ 1937ರ ಇನ್ನೊಂದು ಲೇಖನದಲ್ಲಿ, ಮಾರುಕಟ್ಟೆಯಲ್ಲಿ ಎಲ್ಲ ಸಿಗುವಾಗ ಕಂಪನಿ ಎಂಬುದೇ ಯಾಕಿದೆ ಎಂದು ಕೇಳಿದ್ದ. ಅದನ್ನು 1970ರ ದಶಕದಿಂದ ಬೆಳೆಸಿದವನು ಆಲಿವರ್ ವಿಲಿಯಮ್ಸನ್. ಒಬ್ಬ ಗಿರಾಕಿಗೆಂದೇ ಮಾಡಿದ ಡೈ, ಫಿಕ್ಸ್‌ಚರ್, ಕಲಿತ ಕೈಚಳಕ ಬೇರೆಲ್ಲೂ ಅಷ್ಟು ಬೆಲೆ ಬಾಳದು, ಹಾಗಾಗಿ ಒಪ್ಪಂದದ ನಂತರ ಇಬ್ಬರೂ ಒಬ್ಬರಿಗೊಬ್ಬರು ಕಟ್ಟುಬೀಳುತ್ತಾರೆ ಎಂಬುದು ಅವನ ವಾದ. ಪಶ್ಚಿಮ ಬೆಂಗಳೂರಿಗೆ ಇದನ್ನು ಪಾಠ ಹೇಳಬೇಕಿಲ್ಲ. ಎಚ್‌ಎಂಟಿ, ಬಿಇಎಲ್, ಐಟಿಐಗಳು ‘ಹೊರಗೆ ಮಾಡಿಸೋಣ’ ಎಂದಾಗ ಆ ಹೊರಗಿನವರು ಇಲ್ಲಿಯ ಸಣ್ಣ ಶೆಡ್ಡುಗಳೇ ಆಗಿದ್ದರು. ದೊಡ್ಡ ಗಿರಾಕಿಯ ಆರ್ಡರ್ ನಿಂತ ದಿನ ಅವರಿಗೆಂದೇ ಹಾಕಿದ ಫಿಕ್ಸ್‌ಚರ್ ಗುಜರಿಯ ಬೆಲೆಗೆ ಇಳಿಯುತ್ತಿತ್ತು.

ಇಂದು ಅದೇ ಶೆಡ್ಡುಗಳು ಕೊಳ್ಳುವ ಕಡೆ ನಿಂತಾಗ ಡೈಯ ಒಡೆತನ ಮುಖ್ಯವಾಗುತ್ತದೆ. ರಾಜಾಜಿನಗರದಲ್ಲೇ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಟೂಲ್ ರೂಮ್ ಇದೆ. ಅಲ್ಲಾಗಲಿ ಬೇರೆಲ್ಲಾಗಲಿ ಡೈ ಮಾಡಿಸಿ ಹಣ ಕೊಟ್ಟವರು ನಾವಾದರೆ, ಅದನ್ನು ಜಾಬ್ ವರ್ಕಿನವರಿಗೆ ನಮ್ಮ ಚಲನ್ ಮೇಲೆ ಕಳಿಸಬೇಕು. ಜಿಎಸ್‌ಟಿ ಕಾಯ್ದೆಯ 143ನೇ ಕಲಮಿನಲ್ಲಿ ಕಚ್ಚಾ ಮಾಲು ಒಂದು ವರ್ಷದೊಳಗೆ ಮರಳಬೇಕೆಂದಿದೆ; ಅಚ್ಚು, ಡೈ, ಜಿಗ್, ಫಿಕ್ಸ್‌ಚರ್, ಟೂಲುಗಳಿಗೆ ಆ ಗಡುವಿಲ್ಲ. ಬುಶ್ಶಿನ ಫಿಕ್ಸ್‌ಚರ್ ನಮ್ಮದಾಗಿದ್ದರೆ ಮುಂದಿನ ವರ್ಷ 52 ಇದ್ದದ್ದು 57 ಆದಾಗ ಅದನ್ನು ಎತ್ತಿಕೊಂಡು ಇನ್ನೊಬ್ಬರ ಹತ್ತಿರ ಹೋಗಬಹುದು. ಯಂತ್ರ ಮಾರಿ, ಆಪರೇಟರನ್ನೂ ಕಳಿಸಿ, ಫಿಕ್ಸ್‌ಚರನ್ನೂ ಅವರಿಗೇ ಬಿಟ್ಟಿದ್ದರೆ ಆ 57ನ್ನು ಒಪ್ಪದೆ ದಾರಿಯಿಲ್ಲ.

ಇನ್ನು ಜಾಗದ ಪ್ರಶ್ನೆ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇದ್ದ ನೆಲದಲ್ಲಿ ಇಂದು ಬ್ರಿಗೇಡ್ ಗೇಟ್‌ವೇ, ಒರಾಯನ್ ಮಾಲ್ ಇವೆ. ಸ್ವಂತ ಶೆಡ್ ಇರುವವರಿಗೆ ನೆಲವನ್ನು ಅಜ್ಜ ಎಷ್ಟಕ್ಕೆ ಕೊಂಡಿದ್ದರು ಎಂಬುದು ಮುಳುಗಿದ ಲೆಕ್ಕ. ಇಂದು ಎಷ್ಟು ಬಾಡಿಗೆ ಬರುತ್ತದೆ ಎಂಬುದು ಪ್ರಸ್ತುತ ಲೆಕ್ಕ. ಆದರೆ ಒಂದು ಲೇತ್ ತೆಗೆದ ಮೂಲೆಯನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ. ಇಡೀ ಶೆಡ್ ತೆರವಾದರೆ ಗೋದಾಮಿನವರೂ ಶೋರೂಮಿನವರೂ ಬರುತ್ತಾರೆ. ಒಂದೊಂದೇ ಬಿಡಿಭಾಗದ ಪ್ರಶ್ನೆಯಲ್ಲಿ ಬಾಡಿಗೆ ಎಂದೂ ತಪ್ಪದು, ಎಲ್ಲ ಬಿಡಿಭಾಗಗಳನ್ನು ಒಟ್ಟಿಗೆ ಕೇಳಿದಾಗ ಪೂರ್ತಿ ತಪ್ಪುತ್ತದೆ. ಆದ್ದರಿಂದ ಬುಶ್ಶಿನ ಹಾಳೆಯಲ್ಲಿ ಬಾಡಿಗೆಗೆ ಸೊನ್ನೆ ಬರೆದ ಮಾಲೀಕರೇ, ಕಾರ್ಖಾನೆಯನ್ನು ಕೆಂಗೇರಿಯಾಚೆಯ ಕುಂಬಳಗೋಡಿಗೆ ಒಯ್ಯುವ ಲೆಕ್ಕ ಹಾಕುವಾಗ ಅದೇ ಶೆಡ್ಡಿಗೆ ಇಂದಿನ ಪೂರ್ತಿ ಬಾಡಿಗೆ ಬರೆಯಬೇಕಾಗುತ್ತದೆ.