ಬನಶಂಕರಿಯನ್ನ ಇಂಗ್ಲಿಷಲ್ಲಿ ಏನಂತ ಕರೀತೀರಿ?

ಹಸಿರು ಮೆಟ್ರೋದಲ್ಲಿ ಕೂತು ಇದನ್ನ ಕೇಳ್ತಿದ್ದರೆ, ಮುಂದಿನ ನಿಲ್ದಾಣ ಬನಶಂಕರಿ ಅಂತ ಹೇಳಿದಾಗ ಒಂದು ಸಲ ಯೋಚಿಸಿ. ಬನ ಅಂದ್ರೆ ಕಾಡು, ಶಂಕರಿ ಅಂದ್ರೆ ದೇವಿ. ‘ಲೇಡಿ ಆಫ್ ದಿ ಫಾರೆಸ್ಟ್’ ಅಂತ ಘೋಷಿಸಿದ್ದರೆ ಚಿತ್ರ ಕಣ್ಣಿಗೆ ಬರುತ್ತಿತ್ತು, ಆದರೆ ನಾವ್ಯಾರೂ ಆ ಸ್ಟೇಷನ್‌ನಲ್ಲಿ ಇಳಿಯುತ್ತಿರಲಿಲ್ಲ.

ವಚನವನ್ನು ಇಂಗ್ಲಿಷಿಗೆ ತರುವವರ ಪಾಡೂ ಇದೇ. ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ಪಾಠ ಮಾಡಿದ ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಬಂತು. ಅದರಲ್ಲಿ ನಾಲ್ಕೇ ವಚನಕಾರರು: ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ. ನಾನು ಇವತ್ತು ಅವರು ಅಂಕಿತಗಳನ್ನು ಏನು ಮಾಡಿದರು ಅನ್ನೋದನ್ನಷ್ಟೇ ನೋಡ್ತೀನಿ.

ಅಂಕಿತ ಅಂದ್ರೆ ವಚನದಲ್ಲಿ, ಸಾಮಾನ್ಯವಾಗಿ ಕೊನೆಗೆ, ಬರುವ ದೇವರ ಹೆಸರು. ಬಸವಣ್ಣನವರ ಕೂಡಲಸಂಗಮದೇವ ರಾಮಾನುಜನ್ ಕೈಯಲ್ಲಿ ‘ಲಾರ್ಡ್ ಆಫ್ ದಿ ಮೀಟಿಂಗ್ ರಿವರ್ಸ್’ ಆಯಿತು. ಹೆಸರನ್ನ ಹಾಗೇ ಬಿಟ್ಟಿದ್ದರೆ ಕನ್ನಡ ಬಾರದವರಿಗೆ ಅದು ಬರೀ ಶಬ್ದ. ಈಗ ಅವರಿಗೂ ಎರಡು ನೀರು ಕೂಡೋದು ಕಾಣುತ್ತೆ. ಆದರೆ ಜೋರಾಗಿ ಓದಿ ನೋಡಿ. ಕನ್ನಡದಲ್ಲಿ ಅದು ಒಂದೇ ಉಸಿರಿನ ಎಂಟು ಅಕ್ಷರ. ಕೊನೆಯ ‘ವಾ’ ಎಳೆದರೆ ಸಾಕು, ಎದುರಿಗಿರುವವನನ್ನ ಕೂಗಿದ ಹಾಗಾಗುತ್ತೆ. ಇಂಗ್ಲಿಷಿನಲ್ಲಿ ಐದು ಪದ ಸೇರಿ ವಿವರಣೆಯಾಗುತ್ತೆ, ಕೂಗು ತಗ್ಗುತ್ತೆ. ಊರೂ ಹೋಗುತ್ತೆ: ಕೃಷ್ಣಾ-ಮಲಪ್ರಭಾ ಸೇರುವ, ಬಸ್ಸು ಹತ್ತಿ ಹೋಗಬಹುದಾದ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮ ಜಗತ್ತಿನ ಯಾವುದೋ ಎರಡು ನದಿಗಳಾಗುತ್ತೆ.

ಅಕ್ಕನ ಚೆನ್ನಮಲ್ಲಿಕಾರ್ಜುನ ‘ಮಲ್ಲಿಗೆಯಷ್ಟು ಬಿಳಿಯ ಒಡೆಯ’ ಅನ್ನೋ ಅರ್ಥದಲ್ಲಿ ಬಂದ. ಮಲ್ಲಿಕಾ ಮಲ್ಲಿಗೆ, ಅರ್ಜುನ ಅಂದ್ರೆ ಬಿಳುಪು, ಸರಿಯೇ. ಚೆಲುವು ಅನ್ನುವ ಆ ‘ಚೆನ್ನ’ ಎಲ್ಲಿ ಹೋಯಿತು? ಒಲಿದವನನ್ನ ಕರೆಯುವವಳ ಬಾಯಲ್ಲಿ ಅದು ಸಣ್ಣ ಮಾತಲ್ಲ. ಆದರೂ ಇಂಗ್ಲಿಷಿನಲ್ಲಿ ಈ ಹೆಸರೇ ನನಗೆ ಹೆಚ್ಚು ಹಿಡಿಸೋದು, ಯಾಕಂದ್ರೆ ಅಕ್ಕನ ಮಾತಿನ ಮೈಬಿಸಿ ಅದರಲ್ಲಿ ಉಳಿದಿದೆ.

ದಾಸಿಮಯ್ಯನ ರಾಮನಾಥನನ್ನು ಮಾತ್ರ ಅವರು ಮುಟ್ಟಲಿಲ್ಲ. ಆ ಹೆಸರನ್ನ ಬಿಡಿಸಿದರೆ ನದಿ, ಹೂವು, ಗವಿಯಂಥ ಚಿತ್ರ ಸಿಗಲ್ಲ, ಅದಕ್ಕೇ ಇರಬೇಕು ಅಂತ ನನ್ನ ಊಹೆ.

ಅಲ್ಲಮನ ಗುಹೇಶ್ವರ ‘ಲಾರ್ಡ್ ಆಫ್ ಕೇವ್ಸ್’ ಆದಾಗ ಜಗಳವೇ ಶುರುವಾಯಿತು. ತೇಜಸ್ವಿನಿ ನಿರಂಜನ 1992ರ ‘ಸೈಟಿಂಗ್ ಟ್ರಾನ್ಸ್‌ಲೇಷನ್’ನಲ್ಲಿ ಆ ಅನುವಾದವನ್ನು ಬಿಡಿಸಿ ನೋಡಿದರು. ಪಶ್ಚಿಮದ ಓದುಗನಿಗೆ ಒಗ್ಗುವಂತೆ ವಚನದ ಒರಟನ್ನು ಸವರಿಬಿಟ್ಟಿದ್ದಾರೆ ಅನ್ನೋದು ಅವರ ತಕರಾರಿನ ಸಾರ. ತಮ್ಮ ಅನುವಾದದಲ್ಲಿ ಅವರು ಗುಹೇಶ್ವರನನ್ನ ಗುಹೇಶ್ವರನಾಗಿಯೇ ಉಳಿಸಿಕೊಂಡರು.

ನನ್ನ ಮಟ್ಟಿಗೆ ಅಲ್ಲಮನ ವಿಷಯದಲ್ಲಿ ನಿರಂಜನ ಸರಿ, ಅಕ್ಕನ ವಿಷಯದಲ್ಲಿ ರಾಮಾನುಜನ್. ಅಲ್ಲಮ ಅರ್ಥವಾಗದೆ ತಡವರಿಸುವಂತೆ ಮಾಡೋನು, ಅವನ ದೇವರ ಹೆಸರೂ ಓದುಗನನ್ನ ಒಂದು ಕ್ಷಣ ತಡೆಯಲಿ. ಜೆಪಿ ನಗರದಲ್ಲಿ ಕೂತು ಇಂಗ್ಲಿಷಲ್ಲೇ ವಚನ ಓದ್ತಿರೋರು ಎರಡೂ ಅನುವಾದ ಎದುರಿಗಿಟ್ಟು ಬಾಯಿಬಿಟ್ಟು ಓದಿ. ಆಮೇಲೆ ಕನ್ನಡದ್ದನ್ನ ಮನೆಯಲ್ಲಿ ಅಜ್ಜಿ ಕೈಲಿ ಓದಿಸಿ, ಅಂಕಿತ ಬಂದಾಗ ಅವರ ದನಿ ಎಲ್ಲಿ ಏರುತ್ತೆ ಕೇಳಿ.