ಕುರಿ ಯಾರದು?

ಅಪ್ಪ ಒಂದು ಕುರಿ ಕದ್ದ. ಮಗ ಏನು ಮಾಡಬೇಕು?

ಎರಡೂವರೆ ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಎದ್ದ ಪ್ರಶ್ನೆ ಇದು. ಶೆ ಎಂಬ ಸೀಮೆಯ ಒಡೆಯ ಕನ್‌ಫ್ಯೂಷಿಯಸ್‌ನ (ಕ್ರಿ.ಪೂ. 551–479) ಎದುರು ಹೆಮ್ಮೆಪಟ್ಟುಕೊಂಡ: ನಮ್ಮಲ್ಲೊಬ್ಬ ನೇರ ಮನುಷ್ಯ ಇದ್ದಾನೆ, ಕುರಿ ಕದ್ದ ಅಪ್ಪನ ಮೇಲೆ ತಾನೇ ಸಾಕ್ಷಿ ಹೇಳಿದ. ಗುರು ಒಪ್ಪಲಿಲ್ಲ. ಅಪ್ಪನ ತಪ್ಪನ್ನು ಮಗ, ಮಗನ ತಪ್ಪನ್ನು ಅಪ್ಪ ಮುಚ್ಚುವುದೇ ನೇರತನ ಅಂದ.

ಮನೆ ಮಾತು ಬೀದಿಗೆ ಬರಬಾರದು ಅಂತ ನಮ್ಮ ಹಿರಿಯರು ಅನ್ನೋ ಹಾಗೇ ಕೇಳಿಸುತ್ತೆ ಅಲ್ಲವೆ? ಅದರ ಹಿಂದೆ ಒಂದು ವಿಚಾರ ಇದೆ. ಮನುಷ್ಯ ಮೊದಲು ಬರೀ ಮನುಷ್ಯನಾಗಿ ಹುಟ್ಟೋದಿಲ್ಲ. ಯಾರದೋ ಮಗನಾಗಿ, ತಮ್ಮನಾಗಿ ಹುಟ್ಟುತ್ತಾನೆ. ಹೆತ್ತವರ ಮೇಲಿನ ಋಣಕ್ಕೆ ಅವರು ‘ಶ್ಯಾವ್’ ಅಂದರು. ಯಾರ ಮುಂದೆ ಹೇಗೆ ಬಾಗಬೇಕು, ಯಾರು ಸತ್ತರೆ ಎಷ್ಟು ಕಾಲ ದುಃಖ ಹಿಡಿಯಬೇಕು ಎಂಬ ಕಟ್ಟಳೆಗೆ ‘ಲೀ’ ಅಂದರು. ಅಪ್ಪ ಸತ್ತರೆ ಅಂಚು ಹೊಲಿಯದ ಒರಟು ನಾರುಬಟ್ಟೆ, ಮೂರನೆಯ ವರ್ಷದವರೆಗೆ. ದೂರದ ನೆಂಟನಿಗೆ ನಯವಾದ ಬಟ್ಟೆ, ಮೂರು ತಿಂಗಳು. ಹೀಗೆ ಐದು ದರ್ಜೆ. ಪ್ರೀತಿಗೂ ಅಳತೆಕೋಲು!

ಇದಕ್ಕೆ ಎದುರು ನಿಂತವನು ಮೋಜಿ. ಎಲ್ಲರನ್ನೂ ಸಮನಾಗಿ ಕಾಣಿ, ಜಗಳ ಯುದ್ಧಗಳ ಬೇರು ಇರುವುದೇ ‘ನನ್ನವರು, ಅವರು’ ಅನ್ನುವುದರಲ್ಲಿ ಎಂದ. ಅವನ ಪಂಥದ ಮುಖ್ಯಸ್ಥ ಫೂ ತುನ್‌ನ ಒಬ್ಬನೇ ಮಗ ಕೊಲೆ ಮಾಡಿದಾಗ, ಮುದುಕನಿಗೆ ಬೇರೆ ಮಕ್ಕಳಿಲ್ಲವೆಂದು ಛಿನ್ ದೇಶದ ಅರಸು ಕ್ಷಮಿಸಿದ. ಅಪ್ಪ ಒಪ್ಪಲಿಲ್ಲ. ಕೊಂದವನು ಸಾಯಬೇಕು ಎಂಬುದು ನಮ್ಮ ನಿಯಮ ಎಂದು ಮಗನನ್ನು ಕೊಲ್ಲಿಸಿದನೆಂದು ಹಳೆಯ ಕಥೆ.

ಯುರೋಪಿನ ಹೊಸ ಕಾಲದ ನೀತಿಚಿಂತಕರು ಮೋಜಿಯ ಹೆಸರೂ ಕೇಳದೆ ಅದೇ ಕಡೆ ಬಂದರು. 1793ರಲ್ಲಿ ಇಂಗ್ಲೆಂಡಿನ ವಿಲಿಯಂ ಗಾಡ್ವಿನ್ ಕೇಳಿದ: ಮನೆಗೆ ಬೆಂಕಿ ಬಿದ್ದಿದೆ, ಒಳಗೆ ಲೋಕಕ್ಕೆ ಬೇಕಾದ ಲೇಖಕ ಮತ್ತು ಒಬ್ಬ ಮನೆಗೆಲಸದವಳು. ಒಬ್ಬರನ್ನೇ ಉಳಿಸಬಹುದು. ಲೇಖಕನನ್ನೇ ಉಳಿಸಬೇಕು, ಆ ಹೆಂಗಸು ನನ್ನ ತಾಯಿಯಾದರೂ ಸರಿ ಅಂದ. ‘ನನ್ನ’ ಎಂಬ ಮಾತಿಗೆ ನ್ಯಾಯದಲ್ಲಿ ತೂಕವಿಲ್ಲ ಎಂಬುದು ಅವನ ವಾದ.

ಹಾಗಾದರೆ ನಾವು ಯಾವ ಕಡೆ? ಮೊದಲು ಕುರಿಯ ಕಥೆ ಕಾನೂನಿನ ಕೈಗೆ ಹೋದಾಗ ಏನಾಯಿತು ನೋಡೋಣ.

ಕ್ರಿ.ಪೂ. 66ರಲ್ಲಿ ಹಾನ್ ಸಾಮ್ರಾಟ ಷ್ವಾನ್ ಆಜ್ಞೆ ಹೊರಡಿಸಿದ: ಹೆತ್ತವರನ್ನು ಬಚ್ಚಿಟ್ಟ ಮಗನಿಗೆ, ಗಂಡನನ್ನು ಬಚ್ಚಿಟ್ಟ ಹೆಂಡತಿಗೆ ಶಿಕ್ಷೆ ಇಲ್ಲ. ಇದು ಕರುಣೆ. ಆದರೆ ಮರಣದಂಡನೆಯ ಅಪರಾಧ ಮಾಡಿದ ಮಗನನ್ನು ಅಪ್ಪ ಬಚ್ಚಿಟ್ಟರೆ, ಹೆಂಡತಿಯನ್ನು ಗಂಡ ಬಚ್ಚಿಟ್ಟರೆ? ಅದು ಮೇಲಿನ ನ್ಯಾಯಾಧಿಕಾರಿಯ ತೀರ್ಮಾನಕ್ಕೆ. ‘ಇಬ್ಬರೂ’ ಎಂದಿದ್ದ ಗುರುವಿನ ಮಾತು ಆಗಲೇ ಒಂದು ಕಡೆ ವಾಲಿತ್ತು.

ಕ್ರಿ.ಶ. 653ರ ಟಾಂಗ್ ಸಂಹಿತೆಗೆ ಬರುವಾಗ ಸಲಿಗೆ ಉರುಳಾಯಿತು. ಅಪ್ಪ ಅಮ್ಮನ ಮೇಲೆ ದೂರು ಕೊಟ್ಟ ಮಗನಿಗೆ ಕತ್ತು ಬಿಗಿದು ಸಾವು, ದೂರು ನಿಜವಾದರೂ. ಅಪ್ಪ ಮಗನ ಮೇಲೆ ಸುಳ್ಳು ದೂರು ಕೊಟ್ಟರೆ? ತಪ್ಪೇ ಅಲ್ಲ. ಒಡೆಯನ ಮೇಲೆ ದೂರು ಕೊಟ್ಟ ಗುಲಾಮನಿಗೂ ಅದೇ ಉರುಳು. ಅವನಿಗೆ ಒಡೆಯನೂ ಅಪ್ಪನೇ ಆಗಿಬಿಟ್ಟ! ಮುಖ್ಯ ವಿನಾಯಿತಿ: ರಾಜದ್ರೋಹ. ಅಪ್ಪ ಕುರಿ ಕದ್ದರೆ ಬಾಯಿ ಮುಚ್ಚು, ಸಿಂಹಾಸನಕ್ಕೆ ಕೈ ಹಾಕಿದರೆ ಬಾಯಿ ಬಿಡು. ಋಣದ ಮಾತು ಯಾರ ಕಾವಲಿಗಿತ್ತು ಅಂತ ಬೇರೆ ಹೇಳಬೇಕೆ?

ಆದರೆ ಗೆಳೆಯರೆ, ಈ ಸಿಟ್ಟಿನಲ್ಲಿ ಋಣವನ್ನೇ ಸುಟ್ಟುಹಾಕುವುದೂ ಸಲ್ಲದು. 1970ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ನಡುವೆ, ಅನ್ಹುಯಿ ಪ್ರಾಂತ್ಯದ ಹದಿನಾರರ ಹುಡುಗನೊಬ್ಬ ಮನೆಯಲ್ಲಿ ಮಾವೋನನ್ನು ಟೀಕಿಸಿದ ತಾಯಿಯ ಮೇಲೆ ದೂರು ಕೊಟ್ಟ. ಎರಡು ತಿಂಗಳಲ್ಲಿ ಅವಳಿಗೆ ಗುಂಡಿಕ್ಕಿದರು. 1980ರಲ್ಲಿ ತೀರ್ಪು ರದ್ದಾಯಿತು, ತಾಯಿ ಬರಲಿಲ್ಲ. ‘ನನ್ನ’ ಎಂಬ ಮಾತನ್ನು ಕಿತ್ತುಕೊಂಡಿದ್ದು ಅಲ್ಲಿ ಸಮತೆಯಲ್ಲ. ಅಪ್ಪನ ಜಾಗದಲ್ಲಿ ಪ್ರಭುತ್ವ ಬಂದು ಕೂತಿತ್ತು, ಅಷ್ಟೇ.

2012ರಲ್ಲಿ ಚೀನಾ ತನ್ನ ದಂಡ ಪ್ರಕ್ರಿಯಾ ಕಾನೂನು ತಿದ್ದಿ, ಆರೋಪಿಯ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳನ್ನು ಸಾಕ್ಷಿಗೆ ಕೋರ್ಟಿಗೆ ಎಳೆತರುವಂತಿಲ್ಲ ಅಂದಿತು. ತನಿಖೆಯಲ್ಲಿ ಹೇಳಿಕೆ ಕೊಡುವ ಹೊಣೆ ಹಾಗೇ ಉಳಿಯಿತು. ಸಣ್ಣ ತಿದ್ದುಪಡಿ. ಆದರೂ ಗೆರೆ ಎಲ್ಲಿ ಎಳೆಯಬೇಕೆಂದು ಅದು ತೋರಿಸುತ್ತದೆ. ಮಗನ ಬಾಯಿಯನ್ನು ಬಲವಂತವಾಗಿ ತೆರೆಸಬಾರದು. ಬಲವಂತವಾಗಿ ಹೊಲಿಯಲೂಬಾರದು. ಹೊಡೆಯುವ ಅಪ್ಪನ ಮೇಲೆ ಮಗಳು ದೂರು ಕೊಡಲು ಬಂದರೆ ಯಾವ ‘ಲೀ’ಯೂ ಅಡ್ಡ ನಿಲ್ಲಬಾರದು.

ಇಷ್ಟಾದರೂ ಒಂದು ಮಾತು ಉಳಿಯಿತು. ಒಡೆಯ ಮಾತಾಡಿದ, ಗುರು ಮಾತಾಡಿದ, ಅಪ್ಪನ ಮಾನ, ಮಗನ ನೇರತನ ಎಲ್ಲಾ ಚರ್ಚೆಯಾಯಿತು. ಕುರಿ ಕಳಕೊಂಡವನು ಯಾರು? ಆ ಇಬ್ಬರ ಮಾತಿನಲ್ಲಿ ಅವನಿಗೆ ಹೆಸರೂ ಇಲ್ಲ. ಎಲ್ಲರನ್ನೂ ಸಮನಾಗಿ ಕಾಣುವ ನೀತಿ ನಮಗೆ ಬೇಕಿರುವುದು ಮಗನಿಂದ ಅಪ್ಪನನ್ನು ಕಸಿಯಲಿಕ್ಕಲ್ಲ. ಅವನ ಕುರಿ ಅವನ ಹಟ್ಟಿಗೆ ಮರಳಲಿ ಎಂಬುದಕ್ಕೆ.